11% ಫ್ಲ್ಯಾಟ್ ಬಡ್ಡಿ ಅಂದರೆ ನಿಜವಾಗಿ ಎಷ್ಟು?

ಪ್ರಶ್ನೆ: ಬೈಕ್ ತಗೋಬೇಕು, 90,000 ಸಾಲ ಬೇಕು. ಶೋರೂಮ್‌ನಲ್ಲಿ ಕೂತಿರುವ ಫೈನಾನ್ಸ್‌ನವರು 11% ಅಂತಾರೆ, 2 ವರ್ಷಕ್ಕೆ ತಿಂಗಳಿಗೆ 4,575 ಕಟ್ಟಬೇಕಂತೆ. ನಮ್ಮ ಬ್ಯಾಂಕ್‌ನಲ್ಲಿ ಕೇಳಿದರೆ 14% ಅಂದರು. 11 ಕಮ್ಮಿ ಅಲ್ವಾ? ಆದರೆ ಸ್ನೇಹಿತ ಒಬ್ಬ ಬ್ಯಾಂಕೇ ಅಗ್ಗ ಅಂತಾನೆ. ಹೇಗೆ?

ನಿಮ್ಮ ಸ್ನೇಹಿತರು ಹೇಳಿದ್ದು ಸರಿ. ಬ್ಯಾಂಕಿನ 14% ರಲ್ಲಿ ನಿಮ್ಮ ಕಂತು ಸುಮಾರು 4,321 ರೂಪಾಯಿ ಬರುತ್ತದೆ. ಅದೇ ಸಾಲ, ಅದೇ 24 ತಿಂಗಳು, ತಿಂಗಳಿಗೆ 254 ರೂಪಾಯಿ ಕಮ್ಮಿ. ಎರಡು ವರ್ಷಕ್ಕೆ ಸುಮಾರು 6,100 ರೂಪಾಯಿ ಉಳಿಯುತ್ತದೆ. ಯಾವ ಶೇಕಡಾವಾರನ್ನೂ ನಂಬದೆ ಬರೀ ಕಂತನ್ನು ಹೋಲಿಸಿದರೂ ಇಷ್ಟು ತಿಳಿಯುತ್ತದೆ. ಆದರೆ ಯಾಕೆ ಹೀಗೆ ಅಂತ ಗೊತ್ತಿದ್ದರೆ ಮುಂದಿನ ಸಾಲಕ್ಕೂ ಉಪಯೋಗವಾಗುತ್ತದೆ. ನಾನು ಒಂದು ಸಹಕಾರ ಸಂಘದಲ್ಲಿ ಸಾಲದ ಲೆಕ್ಕ ನೋಡುತ್ತೇನೆ. ಈ 11 ಮತ್ತು 14ರ ಗೊಂದಲ ಹೊತ್ತುಕೊಂಡು ಬರುವವರು ಬಹಳ ಜನ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಮ್ಮ ಕಡೆ ಕೈಸಾಲದ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ಅಂತ ಮಾತಾಡುತ್ತೇವೆ. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ ಅಂತ. ಒಂದು ರೂಪಾಯಿ ಬಡ್ಡಿಗೆ 90,000 ತಂದರೆ ತಿಂಗಳಿಗೆ 900 ಬಡ್ಡಿ ಕೊಡುತ್ತೀರಿ, ಅಸಲು ಹಾಗೇ ಇರುತ್ತದೆ. ಎರಡು ವರ್ಷ ಆದ ಮೇಲೆ 90,000 ಒಟ್ಟಿಗೆ ವಾಪಸ್ ಕೊಡುತ್ತೀರಿ. ಎರಡು ವರ್ಷವೂ ಪೂರ್ತಿ ದುಡ್ಡು ನಿಮ್ಮ ಹತ್ತಿರವೇ ಇತ್ತು, ಪೂರ್ತಿ ದುಡ್ಡಿಗೇ ಬಡ್ಡಿ ಕೊಟ್ಟಿರಿ. ಇದು ಸರಿಯಾಗಿ ವರ್ಷಕ್ಕೆ 12%. ಇದರಲ್ಲಿ ಯಾವ ಮೋಸವೂ ಇಲ್ಲ.

ಫೈನಾನ್ಸ್‌ನವರ 11% ಅಂದರೆ ತಿಂಗಳಿಗೆ ಸುಮಾರು 92 ಪೈಸೆ. ಕಿವಿಗೆ ಬೀಳುವಾಗ ಒಂದು ರೂಪಾಯಿಗಿಂತ ಕಮ್ಮಿ. ಆದರೆ ಇಲ್ಲಿ ಅಸಲು ಹಾಗೇ ಇರುವುದಿಲ್ಲ, ಪ್ರತಿ ತಿಂಗಳೂ ಕಂತಿನಲ್ಲಿ ಅಸಲೂ ವಾಪಸ್ ಹೋಗುತ್ತಿರುತ್ತದೆ. ಬಡ್ಡಿ ಮಾತ್ರ ಮೊದಲ ದಿನದ 90,000ದ ಮೇಲೇ ಲೆಕ್ಕ. ಇದಕ್ಕೇ ಫ್ಲ್ಯಾಟ್ ಬಡ್ಡಿ ಅನ್ನುವುದು.

ಅವರ ಲೆಕ್ಕ ನೋಡಿ. 90,000ಕ್ಕೆ 11% ಅಂದರೆ ವರ್ಷಕ್ಕೆ 9,900. ಎರಡು ವರ್ಷಕ್ಕೆ 19,800. ಅಸಲು ಸೇರಿಸಿದರೆ 1,09,800. ಅದನ್ನು 24ರಿಂದ ಭಾಗಿಸಿದರೆ 4,575. ಅಷ್ಟೇ ಲೆಕ್ಕ. ಅಂದರೆ ಒಂದೊಂದು ಕಂತಿನಲ್ಲೂ 3,750 ಅಸಲು, 825 ಬಡ್ಡಿ.

ಈಗ ಕೊನೆಯ ತಿಂಗಳಿಗೆ ಬನ್ನಿ. 23 ಕಂತು ಕಟ್ಟಿದ್ದೀರಿ. ಈ ಲೆಕ್ಕದ ಪ್ರಕಾರ ನಿಮ್ಮ ಮೇಲೆ ಉಳಿದ ಸಾಲ 3,750 ಮಾತ್ರ. ಆ 3,750ಕ್ಕೆ ಒಂದು ತಿಂಗಳ ಬಡ್ಡಿ 825! ನೂರಕ್ಕೆ 22 ರೂಪಾಯಿ ಬಡ್ಡಿ, ಅದೂ ಒಂದೇ ತಿಂಗಳಿಗೆ. ಊರಿನಲ್ಲಿ ಯಾರಾದರೂ 22 ರೂಪಾಯಿ ಬಡ್ಡಿ ಕೇಳಿದರೆ ನಾವು ಎದ್ದು ಬರುತ್ತೇವೆ. ಮೊದಲ ತಿಂಗಳು 92 ಪೈಸೆ, ಕೊನೆಯ ತಿಂಗಳು 22 ರೂಪಾಯಿ. ಇವುಗಳ ನಡುವೆ ಎಲ್ಲೋ ನಿಜವಾದ ದರ ಇದೆ.

ಅದನ್ನು ಕಂಡುಹಿಡಿಯುವುದು ಹೀಗೆ. ರೆಡ್ಯೂಸಿಂಗ್ ಬ್ಯಾಲೆನ್ಸ್ ಅಂದರೆ ಆಯಾ ತಿಂಗಳು ನಿಜವಾಗಿ ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ. ಬ್ಯಾಂಕಿನ 14% ಈ ಲೆಕ್ಕದ್ದು. ಫೈನಾನ್ಸ್‌ನವರ 4,575 ಕಂತನ್ನೂ ಇದೇ ಅಳತೆಗೆ ತರಬೇಕು. ಅಂದರೆ ನಮ್ಮ ಪ್ರಶ್ನೆ ಇಷ್ಟು: ಬಾಕಿ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತಾ ಹೋದರೆ, ಯಾವ ದರಕ್ಕೆ 24 ಕಂತಿನಲ್ಲಿ 90,000 ಸರಿಯಾಗಿ ತೀರುತ್ತದೆ? ಮೊಬೈಲ್‌ನಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆಗೆದು ಒಂದು ಖಾಲಿ ಮನೆಯಲ್ಲಿ ಇದನ್ನು ಬರೆಯಿರಿ:

```
=RATE(24,-4575,90000)*12
```

ಮೊದಲನೆಯದು ಕಂತುಗಳ ಸಂಖ್ಯೆ, ಎರಡನೆಯದು ಕಂತು, ಮೂರನೆಯದು ಸಾಲ. ಕಂತಿನ ಮುಂದೆ ಮೈನಸ್ ಗುರುತು ಮರೆಯಬೇಡಿ. ಅದು ನಿಮ್ಮ ಕೈಯಿಂದ ಹೋಗುವ ದುಡ್ಡು. ಮರೆತರೆ ಉತ್ತರದ ಬದಲು ಎರರ್ ಬರುತ್ತದೆ. ಉತ್ತರ 0.1987 ಬರುತ್ತದೆ, ಅಂದರೆ 19.87%. ಪೈಸೆ ಲೆಕ್ಕದಲ್ಲಿ ಹೇಳಬೇಕೆಂದರೆ ತಿಂಗಳಿಗೆ 92 ಪೈಸೆ ಅಲ್ಲ, 1 ರೂಪಾಯಿ 66 ಪೈಸೆ. ಬ್ಯಾಂಕಿನ 14% ಪಕ್ಕದಲ್ಲಿ ಇಡಬೇಕಾದ ಅಂಕಿ ಇದು.

ಸೂತ್ರ ಬರೆಯುವುದು ಕಷ್ಟ ಅನಿಸಿದರೆ ಯಾವುದಾದರೂ ಬ್ಯಾಂಕಿನ ವೆಬ್‌ಸೈಟ್‌ನಲ್ಲಿ ಇಎಂಐ ಕ್ಯಾಲ್ಕುಲೇಟರ್ ತೆರೆಯಿರಿ. 90,000 ಮತ್ತು 24 ತಿಂಗಳು ಹಾಕಿ. ಬಡ್ಡಿ ದರವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ಕಂತು 4,575ಕ್ಕೆ ಬಂದಾಗ ಇರುವ ದರವೇ ನಿಮ್ಮ ಉತ್ತರ. ಶೋರೂಮ್‌ನಲ್ಲಿ ನಿಂತೇ ಒಂದು ನಿಮಿಷದಲ್ಲಿ ಮಾಡಬಹುದು. ಮನಸ್ಸಿನಲ್ಲೇ ಅಂದಾಜು ಬೇಕು ಅಂದರೆ ಫ್ಲ್ಯಾಟ್ ದರವನ್ನು 1.8ರಿಂದ ಗುಣಿಸಿ. 11 ಗುಣಿಸು 1.8 ಅಂದರೆ 19.8, ಹತ್ತಿರವೇ ಇದೆ. ಒಂದರಿಂದ ಮೂರು ವರ್ಷದ ತಿಂಗಳ ಕಂತಿನ ಸಾಲಕ್ಕೆ, ಸುಮಾರು ಇದೇ ಮಟ್ಟದ ದರ ಇದ್ದರೆ, ಈ ಅಂದಾಜು ನಡೆಯುತ್ತದೆ. ಐದು ವರ್ಷದ ಸಾಲಕ್ಕೆ ಇದು ಸ್ವಲ್ಪ ಜಾಸ್ತಿ ತೋರಿಸುತ್ತದೆ: 10% ಫ್ಲ್ಯಾಟ್ ಅಲ್ಲಿ ಸುಮಾರು 17.3% ಆಗುತ್ತದೆ, 18 ಅಲ್ಲ. ಕೆಲವರು ಸುಮ್ನೆ ಎರಡು ಪಟ್ಟು ಅಂತಾರೆ, ಅದು ಅತಿಯಾಯಿತು.

ಆದರೆ 19.87 ಕೂಡ ಪೂರ್ತಿ ವೆಚ್ಚ ಅಲ್ಲ. ನೀವು ಕಂತು ಮಾತ್ರ ಬರೆದಿದ್ದೀರಿ, ಬೇರೆ ಖರ್ಚು ಬರೆದಿಲ್ಲ. ಇಂಥ ಸಾಲಗಳಲ್ಲಿ ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಚಾರ್ಜ್, ಸಾಲದ ಜೊತೆ ಸೇರಿಸುವ ವಿಮೆ ಅಂತ ಏನಾದರೂ ಇರುತ್ತದೆ. ಉದಾಹರಣೆಗೆ ಎಲ್ಲ ಸೇರಿ 3,000 ಅಂದುಕೊಳ್ಳಿ. ಅದನ್ನು ಸಾಲದಲ್ಲಿ ಹಿಡಿದುಕೊಂಡರೂ ಒಂದೇ, ನೀವು ಕೌಂಟರ್‌ನಲ್ಲಿ ಕಟ್ಟಿದರೂ ಒಂದೇ. ನಿಮಗೆ ನಿಜವಾಗಿ ಸಿಕ್ಕಿದ್ದು 87,000, ಕಟ್ಟುವುದು ಮಾತ್ರ 90,000ದ ಕಂತು. ಸೂತ್ರದಲ್ಲಿ ಮೂರನೆಯ ಅಂಕಿಯನ್ನು ಬದಲಿಸಿ:

```
=RATE(24,-4575,87000)*12
```

23.4% ಬರುತ್ತದೆ. ಮೂರು ಸಾವಿರ ದೊಡ್ಡ ಮೊತ್ತ ಅನಿಸುವುದಿಲ್ಲ, ಆದರೆ ದರವನ್ನು ಮೂರೂವರೆ ಶೇಕಡಾ ಏರಿಸಿತು. ಸಾಲದ ಅವಧಿ ಚಿಕ್ಕದಾದಷ್ಟೂ ಇಂಥ ಶುಲ್ಕದ ಪೆಟ್ಟು ಜಾಸ್ತಿ. ಯಾಕಂದರೆ ಅದೇ ಮೂರು ಸಾವಿರ ಕಮ್ಮಿ ತಿಂಗಳುಗಳಲ್ಲಿ ಹಂಚಿಹೋಗುತ್ತದೆ.

ಇನ್ನೊಂದು ವಿಷಯವನ್ನು ಕೇಳಲೇಬೇಕು. ಮೊದಲ ಕಂತನ್ನು ಗಾಡಿ ತಗೊಳ್ಳುವ ದಿನವೇ ಕಟ್ಟಿಸಿಕೊಳ್ಳುತ್ತಾರಾ? ಅಡ್ವಾನ್ಸ್ ಇಎಂಐ ಅಂತಾರೆ. ಹೇಗೂ ಕಟ್ಟುವುದೇ ತಾನೇ, ಒಂದು ತಿಂಗಳು ಮುಂಚೆ ಅಷ್ಟೇ ಅಂತ ಅನಿಸುತ್ತದೆ. ಆದರೆ ಆ ದಿನವೇ 4,575 ವಾಪಸ್ ಹೋದರೆ ಮೇಲಿನ 87,000ದಲ್ಲಿ ನಿಮ್ಮ ಕೈಯಲ್ಲಿ ಉಳಿಯುವ ಸಾಲ 82,425. ಉಳಿದ ಕಂತು 23.

```
=RATE(23,-4575,82425)*12
```

ಈಗ 25.7%. ಬಾಯಲ್ಲಿ ಹೇಳಿದ್ದು 11, ಕೊನೆಗೆ ನಿಂತದ್ದು 25.7. ಯಾರೂ ಸುಳ್ಳು ಹೇಳಲಿಲ್ಲ, ಕಂತೂ ಬದಲಾಗಲಿಲ್ಲ. ನನಗೆ ಬೇಸರ ತರುವುದು ಇದೇ. ದಿನಗೂಲಿ ದುಡ್ಡಲ್ಲಿ ಕಂತು ಕಟ್ಟುವವರು ತಮಗೆ ಅಗ್ಗದ ಸಾಲ ಸಿಕ್ಕಿತು ಅಂದುಕೊಂಡು ಹೋಗುತ್ತಾರೆ.

ಬ್ಯಾಂಕ್ ಕಡೆಯೂ ಇದೇ ಪರೀಕ್ಷೆ ಮಾಡಿ. 14% ಜೊತೆ ಅವರೂ ಫೀ ಹಾಕಿದರೆ ಅದನ್ನು ಕಳೆದು 4,321 ಕಂತಿಗೆ RATE ಹಾಕಿ ನೋಡಿ. ಎರಡನ್ನೂ ಒಂದೇ ಅಳತೆಯಲ್ಲಿ ನೋಡಿದರೆ ಮಾತ್ರ ನ್ಯಾಯ.

ಮಧ್ಯದಲ್ಲಿ ಸಾಲ ತೀರಿಸುವ ಯೋಚನೆ ಇದ್ದರೆ ಇದನ್ನೂ ಗಮನಿಸಿ. ಒಂದು ವರ್ಷ ಕಟ್ಟಿದ ಮೇಲೆ ಅರ್ಧ ಅಸಲು, ಅಂದರೆ 45,000, ಉಳಿದಿರುತ್ತದೆ ಅಂತ ಫ್ಲ್ಯಾಟ್ ಲೆಕ್ಕ ಕೇಳಿದವರು ನಂಬಿರುತ್ತಾರೆ. ಆದರೆ ಕಂಪನಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಸಾಲ 19.87% ರೆಡ್ಯೂಸಿಂಗ್ ಲೆಕ್ಕದಲ್ಲೇ ಓಡುತ್ತಿರುತ್ತದೆ. ಆ ಲೆಕ್ಕದಲ್ಲಿ ಮೊದಲ ಕಂತಿನಲ್ಲಿ ಬಡ್ಡಿ 825 ಅಲ್ಲ, ಸುಮಾರು 1,490. ಹನ್ನೆರಡು ಕಂತು ಮುಗಿದಾಗ ಬಾಕಿ ಸುಮಾರು 49,420. ಒಟ್ಟು 19,800 ಬಡ್ಡಿಯಲ್ಲಿ 14,320 ಮೊದಲ ವರ್ಷವೇ ಹೋಗಿರುತ್ತದೆ. ಇದರ ಮೇಲೆ ಫೋರ್‌ಕ್ಲೋಸರ್ ಚಾರ್ಜ್ ಇದ್ದರೆ ಅದು ಬೇರೆ. ಹಾಗಾಗಿ ಸಹಿ ಹಾಕುವ ಮುಂಚೆಯೇ ಕಂತಿನ ಪಟ್ಟಿ ಕೇಳಿ, ಪ್ರತಿ ತಿಂಗಳ ಬಾಕಿ ಅದರಲ್ಲಿ ಇರುತ್ತದೆ.

ಈ ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿಕೊಳ್ಳುವ ಹಕ್ಕೂ ನಿಮಗಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಬ್ಯಾಂಕ್‌ಗಳು, ಸಹಕಾರಿ ಬ್ಯಾಂಕ್‌ಗಳು, ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿಗಳಾದ ಎನ್‌ಬಿಎಫ್‌ಸಿಗಳು ಎಲ್ಲ ಹೊಸ ರಿಟೇಲ್ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅಂದರೆ ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು. ಅದರಲ್ಲಿ ಎಪಿಆರ್ ಅನ್ನುವ ಸಾಲು ಇರುತ್ತದೆ. ಅದು ಶುಲ್ಕ ಕಳೆದು ಕೈಗೆ ಬಂದ ಮೊತ್ತದ ಮೇಲೆ, ರೆಡ್ಯೂಸಿಂಗ್ ಲೆಕ್ಕದಲ್ಲಿ ಬರುವ ವಾರ್ಷಿಕ ವೆಚ್ಚ. ವಿಮೆಯಂಥ ಬೇರೆಯವರಿಗೆ ಹೋಗುವ ಶುಲ್ಕವೂ ಅದರಲ್ಲಿ ಸೇರಬೇಕು. ಆ ಹಾಳೆಯಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ.

ಒಂದು ವಾರ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಸಾಲಕ್ಕೆ ಆ ಹಾಳೆ ಕನಿಷ್ಠ ಮೂರು ಕೆಲಸದ ದಿನ ಚಾಲ್ತಿಯಲ್ಲಿ ಇರಬೇಕು. ಇವತ್ತೇ ಸಹಿ ಹಾಕಿ ಅಂತ ಶೋರೂಮ್‌ನಲ್ಲಿ ಅವಸರ ಮಾಡಿದರೆ ಹಾಳೆ ತಗೊಂಡು ಮನೆಗೆ ಬನ್ನಿ, ಅದರ ಎಪಿಆರ್ ಪಕ್ಕದಲ್ಲಿ ನಿಮ್ಮ RATE ಉತ್ತರ ಇಟ್ಟು ನೋಡಿ. ಎರಡಕ್ಕೂ ಒಂದೆರಡು ಶೇಕಡಾ ವ್ಯತ್ಯಾಸ ಬಂದರೆ ಯಾವುದೋ ಒಂದು ಶುಲ್ಕವೋ ಅಡ್ವಾನ್ಸ್ ಕಂತೋ ಒಂದು ಕಡೆ ಬಿಟ್ಟುಹೋಗಿದೆ ಅಂತ ಅರ್ಥ, ಅದು ಯಾವುದು ಅಂತ ಅವರನ್ನೇ ಕೇಳಿ. ಫೀ ಎಷ್ಟು, ಅಡ್ವಾನ್ಸ್ ಕಂತು ಇದೆಯಾ ಅಂತ ತಿಳಿದುಕೊಂಡು ಇಲ್ಲೇ ಬರೆದರೆ ನಿಮ್ಮ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿಕೊಡುತ್ತೇನೆ.