ಹೊತ್ತು ಹೋಗದ ಹೊತ್ತಿನಲ್ಲಿ ತಲೆ ಏನು ಮಾಡುತ್ತದೆ?

"ಬೋರಾದರೆ ಕ್ರಿಯೇಟಿವಿಟಿ ಹೆಚ್ಚುತ್ತೆ ಅಂತಾರೆ, ನಿಜಾನಾ? ನಾನೊಬ್ಬಳೇ ಮಾತಾಡೋ ಏಳೆಂಟು ನಿಮಿಷದ ಪಾಡ್‌ಕಾಸ್ಟ್‌ಗೆ ಇದೇ ವಿಷಯ ಆರಿಸಿಕೊಂಡಿದ್ದೀನಿ. ಏನು ಹೇಳಲಿ, ಹೇಗೆ ಹೇಳಲಿ?"

ಮೊದಲು ಪದದ ವಿಚಾರ. ಮೈಕಿನ ಮುಂದೆ ‘ಬೇಸರ’ ಅಂದರೆ ಕೇಳುವವರಲ್ಲಿ ಅರ್ಧ ಜನಕ್ಕೆ ದುಃಖ ಕೇಳಿಸುತ್ತದೆ. ‘ಅವನ ಮಾತಿಂದ ಬೇಜಾರಾಯ್ತು’ ಅನ್ನುವಾಗ ನಾವು ಹೇಳುವುದು ನೋವನ್ನು. ನಿಮ್ಮ ವಿಷಯ ಅದಲ್ಲ. ‘ಹೊತ್ತು ಹೋಗ್ತಿಲ್ಲ’ ಅನ್ನುತ್ತೇವಲ್ಲ, ಅದು. ಇಡೀ ಸಂಚಿಕೆಯಲ್ಲಿ ಆ ಮಾತನ್ನೇ ಹಿಡಿದುಕೊಳ್ಳಿ, ಇಲ್ಲವೇ ಸೀದಾ ‘ಬೋರು’ ಅನ್ನಿ.

ನಾನು ಮೊದಲು ರೇಡಿಯೊಗೆ, ಈಗ ಪಾಡ್‌ಕಾಸ್ಟ್‌ಗೆ ಬರೆಯುವವನು. ನಾನೇ ಓದುವುದಾದರೆ ಹೀಗೆ ಓದುತ್ತೇನೆ. ಓದಿನ ಕೊನೆಯಲ್ಲಿ ಬರುವ ಅವರೆಕಾಳಿನ ಜಾಗದಲ್ಲಿ ನಿಮ್ಮ ಮನೆಯ ಕೆಲಸ ಹಾಕಿಕೊಳ್ಳಿ.

ಮೂರು, ನಾಲ್ಕು, ಎರಡು, ಒಂಬತ್ತು, ಒಂದು, ಎಂಟು. ಎರಡು, ಆರು, ಆರು, ಸೊನ್ನೆ, ಐದು, ಏಳು. ಮೂರು, ಮೂರು, ಒಂದು, ನಾಲ್ಕು, ಸೊನ್ನೆ, ಎರಡು. ಸಾಕಾಯಿತಾ? ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಶೈರ್ ವಿಶ್ವವಿದ್ಯಾಲಯದಲ್ಲಿ ಸ್ಯಾಂಡಿ ಮ್ಯಾನ್ ಮತ್ತು ರೆಬೆಕಾ ಕ್ಯಾಡ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಜನರನ್ನು ಹದಿನೈದು ನಿಮಿಷ ಇದೇ ಕೆಲಸಕ್ಕೆ ಕೂರಿಸಿದರು. ಟೆಲಿಫೋನ್ ಡೈರೆಕ್ಟರಿ ನೋಡಿಕೊಂಡು ನಂಬರುಗಳನ್ನು ಕಾಗದಕ್ಕೆ ಇಳಿಸಬೇಕು, ಅಷ್ಟೆ. ಆಮೇಲೆ ಮುಂದೆ ಎರಡು ಥರ್ಮಾಕೋಲ್ ಲೋಟ ಇಟ್ಟು, ಇವುಗಳಿಂದ ಏನೇನು ಮಾಡಬಹುದು, ತೋಚಿದಷ್ಟೂ ಹೇಳಿ ಅಂದರು. ಒಟ್ಟು 80 ಜನರಲ್ಲಿ ಅರ್ಧದಷ್ಟು ಮಂದಿ ನಂಬರು ಬರೆಯದೆ ನೇರವಾಗಿ ಲೋಟದ ಮುಂದೆ ಕೂತವರು. ನಂಬರು ಬರೆದು ಸೋತವರೇ ಹೆಚ್ಚು ಉಪಯೋಗ ಹೇಳಿದರು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಎರಡನೇ ಸಲ ಅವರು ಇನ್ನೊಂದು ಗುಂಪು ಸೇರಿಸಿದರು. ಈ ಗುಂಪು ನಂಬರು ಬರೆಯುವ ಹಾಗಿಲ್ಲ, ಸುಮ್ಮನೆ ಓದುತ್ತ ಕೂರಬೇಕು. ಬರೆದವರಿಗಿಂತ ಓದಿದವರೇ ಮುಂದೆ ಬಂದರು. ಎರಡೂ ಬೋರಿನ ಕೆಲಸವೇ. ಆದರೆ ಬರೆಯುವಾಗ ಕಣ್ಣು, ಕೈ, ಗಮನ ಮೂರೂ ಅಂಕಿಗೆ ಕಟ್ಟಿಕೊಂಡಿರುತ್ತವೆ. ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುತ್ತಿದ್ದರೂ ಮನಸ್ಸು ಎದ್ದು ಹೊರಗೆ ಹೋಗಿಬರಬಹುದು. ಬೋರು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಅದು ಮನಸ್ಸನ್ನು ಹೊರಗೆ ಕಳಿಸುತ್ತದೆ, ಹೋಗಲು ಬಾಗಿಲು ತೆರೆದಿದ್ದರೆ ಮಾತ್ರ. ದಿನವಿಡೀ ಕಂಪ್ಯೂಟರಿಗೆ ಎಂಟ್ರಿ ಮಾಡುವವರು ಬೋರಿನಿಂದ ಸತ್ತುಹೋಗುತ್ತೇನೆ ಅನ್ನುತ್ತಾರೆ, ಆದರೂ ಅವರಿಗೆ ಹೊಸದೇನಾದರೂ ಹೊಳೆಯುವುದು ಕಷ್ಟ. ಒಂದು ಅಂಕಿ ತಪ್ಪಿದರೂ ಬೈಸಿಕೊಳ್ಳಬೇಕಾದ ಕೆಲಸ ಮನಸ್ಸನ್ನು ಎಲ್ಲಿಗೆ ಬಿಟ್ಟೀತು?

ಹೊರಗೆ ಹೋದ ಮನಸ್ಸು ನಮಗೆ ಬೇಕಾದ ಕಡೆಗೇ ಹೋಗುತ್ತದೆ ಅಂತ ಏನು ಗ್ಯಾರಂಟಿ? 2012ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಹತ್ತಿರದ್ದು. ದಿನಬಳಕೆಯ ವಸ್ತುವಿಗೆ ಹೊಸ ಉಪಯೋಗ ಹುಡುಕಿ ಎಂದು ಮೊದಲೇ ಕೇಳಿ, ಮಧ್ಯೆ ಹನ್ನೆರಡು ನಿಮಿಷ ಬಿಡುವು ಕೊಟ್ಟರು. ಕೆಲವರಿಗೆ ಬಿಡುವಿನಲ್ಲಿ ತೀರಾ ಸುಲಭದ ಕೆಲಸ, ಕೆಲವರಿಗೆ ತಲೆ ತಿನ್ನುವ ಕೆಲಸ, ಕೆಲವರಿಗೆ ಸುಮ್ಮನೆ ಕೂರುವುದು, ಉಳಿದವರಿಗೆ ಬಿಡುವೇ ಇಲ್ಲ. ಮತ್ತೆ ಅದೇ ಪ್ರಶ್ನೆ ಕೇಳಿದಾಗ ಚೆನ್ನಾಗಿ ಸುಧಾರಿಸಿದವರು ಸುಲಭದ ಕೆಲಸ ಮಾಡುತ್ತಿದ್ದವರು. ಆದರೆ ಹೊಸ ಪ್ರಶ್ನೆಗಳನ್ನು ಕೊಟ್ಟಾಗ ಅವರೂ ಎಲ್ಲರ ಹಾಗೆಯೇ. ತಲೆಯೊಳಗೆ ಮೊದಲೇ ಇಟ್ಟಿದ್ದ ಪ್ರಶ್ನೆಗಷ್ಟೇ ಹನ್ನೆರಡು ನಿಮಿಷ ಕೆಲಸ ಮಾಡಿತ್ತು.

ನನ್ನ ಮಟ್ಟಿಗೆ ಇದು ಅರ್ಥವಾದದ್ದು ಅಮ್ಮನ ಅಡುಗೆಮನೆಯಲ್ಲಿ. ಬತ್ತಿಹೋದ ಒಂದು ಬಾವಿಯ ಬಗ್ಗೆ ಸಂಚಿಕೆ ಬರೆಯಬೇಕಿತ್ತು. ಮೂರು ಆರಂಭ ಬರೆದು ಮೂರನ್ನೂ ಹರಿದಿದ್ದೆ. ಮೂರೂ ಇಂಥ ಇಸವಿಯಲ್ಲಿ ತೋಡಿದ ಬಾವಿ ಎಂದೇ ಶುರುವಾಗುತ್ತಿದ್ದವು. ಬಾವಿ ಬತ್ತಿದ್ದನ್ನು ಕಿವಿಗೆ ಹೇಗೆ ಕೇಳಿಸಲಿ ಅಂತ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡು ಊರಿಗೆ ಹೋದೆ. ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆ ಮುಂದಿಟ್ಟು ಅಮ್ಮ, "ಇದಿಷ್ಟು ಹಿತಕಿಬಿಡಪ್ಪಾ" ಅಂದಳು. ಹಿತಕಿದ ಬೇಳೆ ಮಾಡಿದವರಿಗೆ ಗೊತ್ತು: ಒಂದೊಂದೇ ಕಾಳನ್ನು ಬೆರಳಲ್ಲಿ ಹಿಡಿದು ಒತ್ತಬೇಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಬೀಳುತ್ತದೆ. ಕೈ ಒದ್ದೆ, ಫೋನು ಮುಟ್ಟುವ ಹಾಗಿಲ್ಲ.

ಮೊದಲ ಹತ್ತು ನಿಮಿಷ ಮನಸ್ಸು ಹೋದದ್ದು ಯಾರಿಗೆ ಎಷ್ಟು ಕೊಡಬೇಕು, ಯಾರು ಏನಂದರು ಎಂಬ ಕಡೆಗೆ. ಆಮೇಲೆ ಅದೂ ಬೋರಾಯಿತು. ಅರ್ಧ ಪಾತ್ರೆ ಮುಗಿದಿರಬೇಕು, ಒಂದು ಕಾಳು ಜಾರಿ ಕೆಳಗಿದ್ದ ನೀರಿನ ಬಟ್ಟಲಿಗೆ ‘ಪುಳಕ್’ ಅಂತ ಬಿತ್ತು. ಬಿಂದಿಗೆ ನೀರಿಗೆ ಬೀಳುವ ಸದ್ದು ನೆನಪಾಯಿತು. ಜೊತೆಗೇ ಚಿಕ್ಕಂದಿನ ನೆನಪು: ಹಗ್ಗ ಬಿಟ್ಟ ಮೇಲೆ ರಾಟೆ ಕಿರುಗುಟ್ಟುವ ಹೊತ್ತು ಪ್ರತಿ ಬೇಸಿಗೆ ಉದ್ದವಾಗುತ್ತಿತ್ತು. ಆರಂಭ ಸಿಕ್ಕಿತು. ರಾಟೆ ಸ್ವಲ್ಪ ತಿರುಗುತ್ತದೆ, ಬಿಂದಿಗೆ ಬೀಳುತ್ತದೆ. ಇನ್ನೊಮ್ಮೆ ರಾಟೆ ಹೆಚ್ಚು ಹೊತ್ತು ತಿರುಗುತ್ತದೆ, ಬೀಳುತ್ತದೆ. ಮೂರನೇ ಸಲ ರಾಟೆ ತಿರುಗುತ್ತಲೇ ಇರುತ್ತದೆ, ಕೊನೆಗೆ ಕೇಳಿಸುವುದು ಕಲ್ಲಿಗೆ ತಾಗಿದ ಸದ್ದು. ಇಸವಿ ಬೇಕಾಗಲೇ ಇಲ್ಲ. ಚೀಟಿ ಜೇಬಿನಲ್ಲಿ ಇಲ್ಲದಿದ್ದರೆ ಆ ‘ಪುಳಕ್’ ನನಗೆ ಬರೀ ಅವರೆಕಾಳಿನ ಸದ್ದಾಗಿರುತ್ತಿತ್ತು.

ಇಲ್ಲಿಗೆ ಓದು ಮುಗಿಯಿತು. ಇನ್ನು ನಿಮಗಷ್ಟೇ ಹೇಳುವ ಮಾತು.

‘ನಿಜಾನಾ’ ಅಂತ ಕೇಳಿದ್ದೀರಿ. ಮ್ಯಾನ್ ಅವರ ಮೊದಲ ಪ್ರಯೋಗದಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಉತ್ತರಗಳ ಸಂಖ್ಯೆ. ಸಾಂಟಾ ಬಾರ್ಬರಾದ ಫಲಿತಾಂಶವನ್ನು ಬೇರೆಯವರು ಮತ್ತೆ ಪರೀಕ್ಷಿಸಿದಾಗ ಮನಸ್ಸು ಅಲೆದದ್ದಕ್ಕೂ ಹೊಳೆದದ್ದಕ್ಕೂ ಅದೇ ನಂಟು ಕಾಣಲಿಲ್ಲ. ಆದ್ದರಿಂದ ‘ವಿಜ್ಞಾನ ಸಾಬೀತು ಮಾಡಿದೆ’ ಅನ್ನಬೇಡಿ. ‘ಹೀಗೊಂದು ಪ್ರಯೋಗದಲ್ಲಿ ಹೀಗಾಯಿತು’ ಅನ್ನಿ. ಇನ್ನೊಂದು, ತಿಂಗಳುಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲದೆ ಕೂತವರಿಗೆ ಈ ಸಂಚಿಕೆಯನ್ನು ಮದ್ದಿನಂತೆ ಕೊಡಬೇಡಿ. ಅದು ಹೊತ್ತು ಹೋಗದ ಸಮಸ್ಯೆಯಲ್ಲ, ಅವರು ವೈದ್ಯರ ಹತ್ತಿರ ಮಾತಾಡಬೇಕಾದದ್ದು.

ಫೋನಿನ ಬಗ್ಗೆ ಬೈಗುಳ ಬೇಡ, ಒಂದು ಸಂಗತಿ ಸಾಕು. 2024ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಬೋರು ಕಳೆಯಲೆಂದು ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹಾರುತ್ತಿದ್ದವರಿಗೆ ಒಂದೇ ವಿಡಿಯೊ ನೋಡಿದವರಿಗಿಂತ ಹೆಚ್ಚು ಬೋರಾಗಿತ್ತು. ಫೋನು ಹಿಡಿದಾಗ ಬೋರು ಹೋಗುವುದೂ ಇಲ್ಲ, ಮನಸ್ಸಿಗೆ ಬಾಗಿಲು ತೆರೆಯುವುದೂ ಇಲ್ಲ. ನಂಬರು ಬರೆದವರ ಗತಿಯೇ ಅದು.

ಕೇಳುಗರಿಗೆ ಬೋರಿನ ಅನುಭವ ಕೊಡಲು ಅರ್ಧ ನಿಮಿಷ ಮೌನ ಇಡೋಣ ಅಂತ ನಿಮಗೂ ಅನ್ನಿಸಬಹುದು. ನಾನೂ ಒಮ್ಮೆ ಇಟ್ಟಿದ್ದೆ. ಕೆಲವು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಮೌನವನ್ನು ತಾನೇ ಕತ್ತರಿಸುವ ಸೌಲಭ್ಯವಿದೆ, ಅದನ್ನು ಹಾಕಿಕೊಂಡವರಿಗೆ ನಿಮ್ಮ ಮೌನ ತಲುಪುವುದೇ ಇಲ್ಲ. ಅದಕ್ಕೇ ನಂಬರುಗಳಿಂದ ಶುರು ಮಾಡಿದ್ದು. ಏರಿಳಿತವಿಲ್ಲದೆ, ಒಂದೇ ಲಯದಲ್ಲಿ, ನಿಮಗೇ ಸಾಕೆನ್ನಿಸುವವರೆಗೆ ಓದಿ. ಆಮೇಲೆ ಇನ್ನೂ ಎರಡು ನಂಬರು ಓದಿ.