ಮೇಸ್ತ್ರಿ ಹಾಕಿದ ‘ಇ’

ಮೊನ್ನೆ ನೀನು ಕಾಫಿ ತೋಟಕ್ಕೆ ಬಂದಿದ್ದಾಗ ನಮ್ಮ ಮೇಸ್ತ್ರಿ ‘ಹೂಮಳೆ ಬರಲಿಲ್ಲ, ಇಸ್ಪಿರಿಂಕಲರು ಹಾಕಬೇಕು’ ಅಂದರು. ನೀನು ನಕ್ಕೆ. ಆಮೇಲೆ ‘ಕುಟ್ಟದ ಕಡೆ ಕನ್ನಡದಲ್ಲಿ ಮಲಯಾಳ ಜಾಸ್ತಿ ಅಲ್ವಾ?’ ಅಂತ ಕೇಳಿದೆ. ಅಲ್ಲ ಮಾರಾಯ. ನಮ್ಮ ಕುಟ್ಟ ಕೊಡಗಿನಲ್ಲಿ ಕೇರಳದ ಗಡಿಗೇ ಇದೆ ನಿಜ, ಆದರೆ ಅವರು ‘ಸ್ಪ್ರಿಂಕ್ಲರ್’ ಅನ್ನುವ ಇಂಗ್ಲಿಷ್ ಪದವನ್ನು ಕನ್ನಡ ಮಾಡಿಕೊಂಡರು.

ಬಿಡಿಸಿ ನೋಡು. ಸ್ಪ್ರಿಂಕ್ಲರ್‌ನ ಮೊದಲಲ್ಲೇ ಸ್, ಪ್, ರ್ ಮೂರೂ ಒಟ್ಟಿಗೆ ನಿಂತಿವೆ, ನಡುವೆ ಸ್ವರವೇ ಇಲ್ಲ. ಅಚ್ಚ ಕನ್ನಡದ ಪದ ಹೀಗೆ ಶುರುವಾಗುವುದಿಲ್ಲ. ನಮ್ಮ ಒತ್ತಕ್ಷರ ಪದದ ನಡುವೆ ಬರುತ್ತದೆ. ‘ಅಕ್ಕ’ ಅನ್ನುವಾಗ ಮೊದಲ ಕ್ ಹಿಂದಿನ ಅ ಜೊತೆ ಹೋಗುತ್ತದೆ, ಎರಡನೆಯದು ಮುಂದಿನ ಅ ಜೊತೆ. ಪದದ ಮೊದಲಲ್ಲಿ ಸ್‌ಗೆ ಅಂಥ ಆಸರೆ ಇಲ್ಲ. ಹಾಗಾಗಿ ಮೇಸ್ತ್ರಿ ಅದರ ಮುಂದೆ ಒಂದು ಇ ಇಟ್ಟರು. ‘ಪ್ರಿ’ಯನ್ನು ‘ಪಿರಿ’ ಮಾಡಿದರು, ‘ಕ್ಲ’ವನ್ನು ‘ಕಲ’ ಮಾಡಿದರು, ಕೊನೆಗೆ ಉ ಸೇರಿಸಿದರು. ಇಸ್-ಪಿ-ರಿಂ-ಕ-ಲ-ರು. ಶ್ರೀಯನ್ನು ಸಿರಿ, ವರ್ಷವನ್ನು ವರುಷ ಮಾಡಿದ್ದೂ ಇದೇ ನಾಲಿಗೆ.

ಸ್ವರ ಎಲ್ಲಿ ಸೇರಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ. ಗ್ಲಾಸು ಗಿಲಾಸು ಆಗುತ್ತದೆ, ಸ್ವರ ಒಳಗೆ ಬಂತು. ಸ್ಕೂಲು ಇಸ್ಕೂಲು ಆಗುತ್ತದೆ, ಮುಂದೆ ಬಂತು. ‘ಇಗ್ಲಾಸು’ ಅಂದವರನ್ನು ನಾನಂತೂ ಕೇಳಿಲ್ಲ. ಗ್ ಬಿಟ್ಟು ಲ್‌ಗೆ ಹೋಗುವಾಗ ದನಿ ಸ್ವರದ ಹಾಗೇ ತೆರೆದುಕೊಳ್ಳುತ್ತದೆ. ಅಲ್ಲಿ ಇನ್ನೊಂದು ಸ್ವರ ಸೇರಿದರೆ ಕಿವಿಗೆ ಅಷ್ಟು ಬೇರೆ ಅನಿಸುವುದಿಲ್ಲ. ಸ್ ಮತ್ತು ಕ್ ನಡುವೆ ಅಂಥ ಸಂದು ಇಲ್ಲ. ಅವನ್ನು ಬಿಡಿಸಿದರೆ ಪದದ ಗುರುತೇ ಕೆಡುತ್ತದೆ, ಅದಕ್ಕೆ ಸ್ವರ ಹೊರಗೇ ನಿಲ್ಲುತ್ತದೆ.

ಇನ್ನು ಮಲಯಾಳದ ಮಾತು. ಮೇಸ್ತ್ರಿಯ ಕೊನೆಯ ಉ ಕೇಳಿಸಿಕೋ, ತುಂಬಿದ ಉ ಅದು. ಗಡಿ ದಾಟಿ ತೋಲ್ಪೆಟ್ಟಿಗೆ ಹೋದರೆ ‘ಬಸ್ಸ್’ ಕೊನೆಯಲ್ಲಿ ಅರ್ಧ ಉಕಾರ ಮಾತ್ರ ಇರುತ್ತದೆ, ತುಟಿ ದುಂಡಗಾಗುವುದೇ ಇಲ್ಲ. ನಮ್ಮ ಮನೆಮಾತು ಕೊಡವ ತಕ್ಕ್‌ನಲ್ಲೂ ಅಂಥದೇ ಸ್ವರ ಇದೆ. ಕನ್ನಡ ಅಕ್ಷರಮಾಲೆಯಲ್ಲಿ ಅದಕ್ಕೆ ಒಂದು ಅಕ್ಷರ ಇಲ್ಲ. ನನ್ನ ನಿತ್ಯದ ತೊಡಕು ಇದೇ. ಮನೆಯಲ್ಲಿ ಆ ಸ್ವರದಲ್ಲಿ ಮಾತಾಡಿ, ಗೇಟು ದಾಟಿದ ಕೂಡಲೇ ತುಟಿ ದುಂಡಗೆ ಮಾಡಿ ‘ಬಸ್ಸು’, ‘ಕಾರು’ ಅನ್ನಬೇಕು. ಸ್ವಲ್ಪ ಜಾರಿದರೆ ‘ನೀವು ಕೇರಳದವರಾ?’ ಅಂತ ಕೇಳುತ್ತಾರೆ. ಹುಟ್ಟಿ ಬೆಳೆದ ಜಿಲ್ಲೆಯಲ್ಲೇ ಎಷ್ಟು ಸಲ ಉತ್ತರ ಕೊಡಲಿ?

ನಮ್ಮ ಗೇಟಿನ ಮೇಲೆ ‘ಎಸ್ಟೇಟ್’ ಅಂತ ಇದೆಯಲ್ಲ, ಅದನ್ನು ನೀನು ಸರಾಗವಾಗಿ ಓದಿದೆ. ಅದರ ಬೇರು ಲ್ಯಾಟಿನ್ನಿನ ‘ಸ್ಟಾಟುಸ್’. ಸ್ ಮುಂದೆ ಎ ಇಟ್ಟು ‘ಎಸ್ಟಾಟ್’ ಮಾಡಿದವರು ಹಳೆಯ ಫ್ರೆಂಚರು, ಇಂಗ್ಲಿಷಿಗೆ ಅದು ಅವರಿಂದ ಬಂತು. ಮೇಸ್ತ್ರಿ ಮಾಡಿದ್ದೂ ಅದನ್ನೇ. ನೀನು ನಕ್ಕಿದ್ದು ಅವರಿಗೆ ಕೇಳಿಸಿತ್ತು. ಆ ಸಂಜೆಯಿಂದ ನನ್ನ ಮುಂದೆ ‘ನೀರಿನ ಪೈಪು’ ಅಂತಲೇ ಹೇಳುತ್ತಿದ್ದಾರೆ.