ಮೂರು ಸಲ ಗ್ಯಾಸ್ ತುಂಬಿಸಿದರೂ ಎಸಿ ತಂಪಾಗದಿದ್ದರೆ ದೂರು ಪತ್ರ ಹೇಗಿರಬೇಕು?

ಪ್ರಶ್ನೆ: ನನ್ನ ಕಾರಿನ ಎಸಿ ಮಾರ್ಚ್‌ನಿಂದ ಕೈಕೊಡುತ್ತಿದೆ. ಸರ್ವಿಸ್ ಸೆಂಟರಿನಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದೆ. ಒಂದು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಬಿಸಿ ಗಾಳಿ. ಕೇಳಿದರೆ 'ಬೇಸಿಗೆ ಅಲ್ವಾ ಸಾರ್, ಗ್ಯಾಸ್ ಖಾಲಿಯಾಗುತ್ತೆ' ಅಂತಾರೆ. ದೂರು ಪತ್ರದಲ್ಲಿ ಏನು ಬರೆಯಲಿ? ಬಿಲ್‌ಗಳ ಫೋಟೊ ಕಳಿಸಿದ್ದೇನೆ.
— ಬನಶಂಕರಿಯ ಓದುಗರು, ಬೆಂಗಳೂರು

ಉತ್ತರ: ಬೇಸಿಗೆಗೆ ಎಸಿ ಗ್ಯಾಸ್ ಖಾಲಿಯಾಗುವುದಿಲ್ಲ. ಅದು ಪೆಟ್ರೋಲ್‌ನಂತೆ ಉರಿದು ಹೋಗುವ ವಸ್ತುವಲ್ಲ, ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ವರ್ಷಗಟ್ಟಲೆ ಕಾಲದಲ್ಲಿ ಒಂಚೂರು ಕಡಿಮೆಯಾಗಬಹುದು. ಒಂದೇ ತಿಂಗಳಲ್ಲಿ ಹೋಯಿತು ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿದರೆ ಅದು ರಿಪೇರಿಯೇ ಅಲ್ಲ. ನಿಮ್ಮ ಪತ್ರ ಈ ಒಂದು ಮಾತಿನ ಮೇಲೆ ನಿಲ್ಲಬೇಕು.

ಅದಕ್ಕೆ ಸಾಕ್ಷಿ ನಿಮ್ಮ ಬಿಲ್‌ನಲ್ಲೇ ಇದೆ. ಗ್ಯಾಸ್ ತುಂಬುವ ಯಂತ್ರ ಮೊದಲು ಒಳಗೆ ಉಳಿದಿದ್ದನ್ನು ಹೊರಗೆಳೆದು ತೂಗುತ್ತದೆ, ಆಮೇಲೆ ಹೊಸದನ್ನು ಅಳೆದು ತುಂಬುತ್ತದೆ. ಏಪ್ರಿಲ್ 9ರ ಬಿಲ್‌ನಲ್ಲಿ 450 ಗ್ರಾಂ ತುಂಬಿದ್ದಾರೆ. ಮೇ 18ರಂದು ಹೊರಬಂದದ್ದು 240 ಗ್ರಾಂ. ಅಂದರೆ 39 ದಿನದಲ್ಲಿ 210 ಗ್ರಾಂ ಹೋಗಿದೆ. ಇದು ಅವರ ಯಂತ್ರವೇ ಕೊಟ್ಟ ಲೆಕ್ಕ, ಅವರು ಅಲ್ಲಗಳೆಯುವುದು ಕಷ್ಟ.

ಪತ್ರಕ್ಕೆ ಕೂರುವ ಮೊದಲು ಒಂದು ವಿಷಯ ಗಮನಿಸಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿ ಗಾಳಿ ಬಂದು, ಗಾಡಿ ಓಡುವಾಗ ತಂಪಾಗುತ್ತದಾ? ಹಾಗಿದ್ದರೆ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಫ್ಯಾನ್ ಮೇಲೂ ಅನುಮಾನ ಪಡಬೇಕು. ನಿಂತರೂ ಓಡಿದರೂ ದಿನದಿಂದ ದಿನಕ್ಕೆ ತಂಪು ಇಳಿಯುತ್ತಿದ್ದರೆ ಅದು ಸೋರಿಕೆಯ ಲಕ್ಷಣ. ಬಾನೆಟ್ ಎತ್ತಿ ಎಸಿ ಪೈಪುಗಳ ಜೋಡಣೆಗಳನ್ನೂ ನೋಡಿ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಹತ್ತಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಕಂಡರೆ ಫೋಟೊ ತೆಗೆದು ಲಗತ್ತಿಸಿ. ಕಾಣದಿದ್ದರೆ ಸೋರಿಕೆ ಇಲ್ಲ ಅಂತಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರಿದರೆ ಹೊರಗಿನಿಂದ ಕಾಣುವುದಿಲ್ಲ. ಬಹಳ ಗಾಡಿಗಳಲ್ಲಿ ಅದನ್ನು ತೆಗೆಯಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಗ್ಯಾಸ್ ತುಂಬಿ ಕಳಿಸುವ ಅಭ್ಯಾಸಕ್ಕೆ ಇದೂ ಒಂದು ಕಾರಣ.

ಪತ್ರ ಹೀಗಿರಲಿ:

> ಮಾನ್ಯರೇ,
>
> ನನ್ನ ಕಾರಿನ ಎಸಿ ತಂಪಾಗುತ್ತಿಲ್ಲ ಎಂಬ ಒಂದೇ ದೂರಿಗೆ ಮಾರ್ಚ್ 3, ಏಪ್ರಿಲ್ 9 ಮತ್ತು ಮೇ 18ರಂದು ನಿಮ್ಮಲ್ಲಿ ಗಾಡಿ ಬಿಟ್ಟಿದ್ದೆ. ಮೂರೂ ಸಲ ಗ್ಯಾಸ್ ತುಂಬಿದ್ದೀರಿ. ಏಪ್ರಿಲ್ 9ರಂದು ತುಂಬಿದ 450 ಗ್ರಾಂನಲ್ಲಿ ಮೇ 18ಕ್ಕೆ ಉಳಿದಿದ್ದು 240 ಗ್ರಾಂ ಎಂದು ನಿಮ್ಮ ಬಿಲ್‌ಗಳೇ ತೋರಿಸುತ್ತವೆ. ಸೋರಿಕೆ ಪರೀಕ್ಷೆ ಮಾಡಿದ ಬಗ್ಗೆ ಯಾವ ಜಾಬ್ ಕಾರ್ಡ್‌ನಲ್ಲೂ ಬರೆದಿಲ್ಲ. ಈಗ ಅದೇ ದೋಷ ಮತ್ತೆ ಬಂದಿದೆ.
>
> ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಿ, ಸೋರುವ ಜಾಗ ಯಾವುದೆಂದು ಬರವಣಿಗೆಯಲ್ಲಿ ತಿಳಿಸಿ. ಮತ್ತೆ ಗ್ಯಾಸ್ ಮತ್ತು ಕೂಲಿಯ ಹಣ ಪಡೆಯದೆ ದೋಷ ಸರಿಪಡಿಸಿ. ಪತ್ರ ತಲುಪಿದ 15 ದಿನದೊಳಗೆ ಉತ್ತರ ಕೊಡಿ.

ಮೂರೂ ಜಾಬ್ ಕಾರ್ಡ್ ನಂಬರ್, ಆಯಾ ದಿನದ ಕಿಲೋಮೀಟರ್, ಕೊಟ್ಟ ಹಣ ಸೇರಿಸಿ. 'ಮೋಸಗಾರರು', 'ಕೋರ್ಟಿಗೆ ಎಳೀತೀನಿ' ಅನ್ನುವ ಮಾತು ಬೇಡ. ಕೋಪ ಬರುವುದು ಸಹಜ, ಆದರೆ ಅವರು ಆ ಮಾತಿಗೇ ಉತ್ತರ ಕೊಟ್ಟು ಗ್ರಾಂ ಲೆಕ್ಕವನ್ನು ಬದಿಗಿಡುತ್ತಾರೆ. ಸೋರುವ ಭಾಗ ಬದಲಿಸಬೇಕು ಅಂದರೆ ಅದರ ಬೆಲೆ ಬೇರೆ ಮಾತು. ವಾರಂಟಿ ಮುಗಿದಿದ್ದರೆ ಅದನ್ನು ನೀವೇ ಕೊಡಬೇಕಾಗಬಹುದು. ಅದನ್ನೂ ಪುಕ್ಕಟೆ ಕೊಡಿ ಅಂತ ಪಟ್ಟು ಹಿಡಿದರೆ ನಿಮ್ಮ ಸರಿಯಾದ ಬೇಡಿಕೆಯೂ ಸಡಿಲವಾಗುತ್ತದೆ.

ಸರ್ವಿಸ್ ಮ್ಯಾನೇಜರ್‌ಗೆ ಇಮೇಲ್ ಮಾಡಿ, ಕಾರು ತಯಾರಿಸಿದ ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪ್ರತಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರೇ ಬೇಕು ಅಂತಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು.

ಮುಂದಿನ ಸಲ ಗಾಡಿ ಬಿಡುವಾಗ ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ. 'ಎಸಿ ಗ್ಯಾಸ್ ಟಾಪ್ ಅಪ್' ಅಂತ ಬರೆದಿದ್ದರೆ ಹೊಡೆದು ಹಾಕಿಸಿ, 'ಎಸಿ ತಂಪಾಗುತ್ತಿಲ್ಲ, ನಾಲ್ಕನೇ ಸಲ, ಸೋರಿಕೆ ಪರೀಕ್ಷೆ ಮಾಡಬೇಕು' ಅಂತ ಬರೆಸಿ. ಯಾವುದಾದರೂ ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ಮನೆಗೆ ತನ್ನಿ.